ನೀವು ಪಡೆಯದ ಸಾಲ ನಿಮ್ಮ ಹೆಸರಿನಲ್ಲಿದ್ದರೆ: ಅದನ್ನು ಅಳಿಸುವ ಕ್ರಮ

ಗೃಹಸಾಲಕ್ಕೆ ಅರ್ಜಿ ಹಾಕಿದವರಿಗೆ ಬ್ಯಾಂಕಿನವರು "ನಿಮ್ಮ ಹೆಸರಿನಲ್ಲಿ ಈಗಾಗಲೇ ಒಂದು ಸಾಲ ಸುಸ್ತಿಯಾಗಿದೆ" ಎಂದು ತಿಳಿಸಿದಾಗ, ಅಥವಾ ಹೆಸರೇ ಕೇಳಿರದ ಹಣಕಾಸು ಸಂಸ್ಥೆಯ ವಸೂಲಿಗಾರರು ಕರೆ ಮಾಡಿದಾಗ, ಬಹುತೇಕರಿಗೆ ಈ ಬಗೆಯ ವಂಚನೆ ಮೊದಲ ಬಾರಿ ಗೊತ್ತಾಗುತ್ತದೆ. ಪ್ಯಾನ್ ಸಂಖ್ಯೆ, ಆಧಾರ್ ಪ್ರತಿ ಮತ್ತು ಒಂದು ಮೊಬೈಲ್ ಸಂಖ್ಯೆ ಇದ್ದರೆ ಸಣ್ಣ ಮೊತ್ತದ ಆ್ಯಪ್ ಸಾಲ ಕೆಲವೇ ನಿಮಿಷಗಳಲ್ಲಿ ಮಂಜೂರಾಗುತ್ತದೆ. ಒಂದು ಸಾಲದ ಆ್ಯಪ್‌ನಲ್ಲಿ ತಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಪಡೆದಿದ್ದಾರೆಂದು 2022ರ ಫೆಬ್ರವರಿಯಲ್ಲಿ ದೇಶದ ಹಲವೆಡೆಯಿಂದ ದೂರುಗಳು ಬಂದಿದ್ದವು.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮೊದಲು, ಜನರ ಸಾಲಗಳ ದಾಖಲೆ ಇಡುವ ಸಿಬಿಲ್‌ ಕಂಪನಿಗೆ ದೂರು ಕೊಡುತ್ತಾರೆ. ಆದರೆ ಸಿಬಿಲ್ ತಾನಾಗಿ ಏನನ್ನೂ ಅಳಿಸಲಾರದು. ಅದು ದೂರನ್ನು ಸಾಲ ಕೊಟ್ಟ ಸಂಸ್ಥೆಗೆ ಕಳುಹಿಸುತ್ತದೆ, ಸಂಸ್ಥೆ ತನ್ನ ಕಡತದಲ್ಲಿರುವ ಹೆಸರು ಮತ್ತು ಪ್ಯಾನ್ ಹೊಂದುತ್ತವೆಯೇ ಎಂದು ನೋಡುತ್ತದೆ, ಹೊಂದುತ್ತವೆ ಎಂದು ಉತ್ತರಿಸುತ್ತದೆ, ದೂರು ಮುಗಿದುಹೋಗುತ್ತದೆ. ಕಳುವಾದದ್ದೇ ನಿಮ್ಮ ಹೆಸರು ಮತ್ತು ಪ್ಯಾನ್ ಆಗಿರುವಾಗ ಅವು ಹೊಂದದೆ ಇರುತ್ತವೆಯೇ? ಆದ್ದರಿಂದ ದಾಖಲೆಗಳನ್ನು ಸಾಲ ಕೊಟ್ಟ ಸಂಸ್ಥೆಯ ಮುಂದಿಟ್ಟ ನಂತರವೇ, ಅಥವಾ ಅದರ ಜೊತೆಜೊತೆಗೇ, ಸಿಬಿಲ್‌ಗೆ ದೂರು ಕೊಡುವುದು ಲೇಸು.

ಮೊದಲು ವರದಿ ತರಿಸಿ, ಓದಿ

ಭಾರತದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲ ಮಾಹಿತಿ ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ನಿಮ್ಮ ಹೆಸರಿನ ಸಾಲಗಳ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾಲ್ಕನ್ನೂ ತರಿಸಿಕೊಳ್ಳಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ಕೊನೆಯವರೆಗೂ ಹಿಂಬಾಲಿಸೋಣ. ಮಂಡ್ಯದ ಒಬ್ಬ ಶಿಕ್ಷಕಿಯ ವರದಿಯಲ್ಲಿ ಜನವರಿ 14ರಂದು ತೆರೆದ 48,000 ರೂಪಾಯಿಯ ವೈಯಕ್ತಿಕ ಸಾಲವೊಂದಿದೆ, ಮೂರು ಕಂತುಗಳು ಬಾಕಿ ಉಳಿದಿವೆ. ಸಂಪರ್ಕ ವಿವರಗಳ ಭಾಗದಲ್ಲಿ ಅವರದಲ್ಲದ ಮೊಬೈಲ್ ಸಂಖ್ಯೆ ಮತ್ತು ಹೊರರಾಜ್ಯದ ವಿಳಾಸ ಸೇರಿಕೊಂಡಿವೆ. ವಿಚಾರಣೆಗಳ ಭಾಗದಲ್ಲಿ, ಅಂದರೆ ಯಾವ ಸಂಸ್ಥೆಗಳು ಸಾಲ ಕೊಡುವ ಮುನ್ನ ಇವರ ವರದಿಯನ್ನು ನೋಡಿದವು ಎಂಬ ಪಟ್ಟಿಯಲ್ಲಿ, ಅದೇ ವಾರ ಇನ್ನೂ ಎರಡು ಹೆಸರುಗಳಿವೆ. ಈ ಎರಡನ್ನು ಕಡೆಗಣಿಸಬಾರದು, ಏಕೆಂದರೆ ವಂಚಕ ಅಲ್ಲಿಯೂ ಅರ್ಜಿ ಹಾಕಿದ್ದಾನೆ ಎಂದೇ ಅದರ ಅರ್ಥ. ಆ ಸಂಸ್ಥೆಗಳಿಗೂ ಒಂದು ಇಮೇಲ್ ಕಳುಹಿಸಿ ಅರ್ಜಿಯನ್ನು ತಡೆಯಬೇಕು.

ಆ್ಯಪ್ ಸಾಲಗಳಲ್ಲಿ ಒಂದು ತೊಡಕಿದೆ. ವರದಿಯಲ್ಲಿ ಆ್ಯಪ್‌ನ ಹೆಸರಿರುವುದಿಲ್ಲ, ಅದರ ಹಿಂದೆ ನಿಂತು ಹಣ ಕೊಟ್ಟ ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆಯ ಹೆಸರಿರುತ್ತದೆ. ನೀವು ಪತ್ರ ಬರೆಯಬೇಕಾದದ್ದು ಆ ಸಂಸ್ಥೆಗೆ, ಆ್ಯಪ್‌ನ ಸಹಾಯವಾಣಿಗೆ ಮಾತ್ರವಲ್ಲ.

ಇನ್ನೊಂದು ಸಾಧ್ಯತೆಯನ್ನೂ ಇಲ್ಲಿಯೇ ಪರೀಕ್ಷಿಸಬೇಕು. ಒಂದೇ ಹೆಸರಿನ ಇಬ್ಬರ ಖಾತೆಗಳು ಕಲಸಿಹೋಗಿರುವುದೂ, ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ ನಮೂದಾಗಿರುವುದೂ ಉಂಟು. ಸಂಸ್ಥೆಯ ಕಡತದಲ್ಲಿರುವ ಸಾಲಗಾರರ ಜನ್ಮದಿನಾಂಕ, ತಂದೆಯ ಹೆಸರು ಮತ್ತು ಭಾವಚಿತ್ರ ನಿಜವಾಗಿಯೂ ಬೇರೊಬ್ಬರದ್ದಾಗಿದ್ದರೆ ಅದು ವಂಚನೆಯಲ್ಲ, ದಾಖಲೆಯ ತಪ್ಪು. ಅದಕ್ಕೆ ಪೊಲೀಸರ ಅಗತ್ಯ ಬೀಳದೆ ಬೇಗ ಸರಿಯಾಗುತ್ತದೆ.

ಹಣ ಯಾವ ಖಾತೆಗೆ ಹೋಯಿತು?

ಇಡೀ ಪ್ರಕರಣದ ಕೀಲಿಕೈ ಈ ಪ್ರಶ್ನೆಯಲ್ಲಿದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಾಲದ ಹಣ ಸಾಲಗಾರನ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗಬೇಕು. ಹಾಗಿದ್ದರೆ ಶಿಕ್ಷಕಿಯ 48,000 ರೂಪಾಯಿ ಯಾವ ಬ್ಯಾಂಕಿನ, ಯಾರ ಹೆಸರಿನ ಖಾತೆಗೆ ಜಮೆಯಾಯಿತು? ಅದು ಬೇರೊಬ್ಬರ ಹೆಸರಿನ ಖಾತೆಯಾಗಿದ್ದರೆ ಸಂಸ್ಥೆ ತನ್ನ ಪರಿಶೀಲನೆಯಲ್ಲಿ ಎಡವಿದೆ ಎಂಬುದಕ್ಕೆ ಅದೇ ಸಾಕ್ಷಿ. ಶಿಕ್ಷಕಿಯ ಹೆಸರಿನಲ್ಲೇ ಅವರಿಗೆ ತಿಳಿಯದೆ ತೆರೆದ ಖಾತೆಯಾಗಿದ್ದರೆ ಎರಡನೆಯ ವಂಚನೆಯೂ ನಡೆದಿದೆ ಎಂದಾಯಿತು, ಆ ಬ್ಯಾಂಕಿಗೂ ದೂರು ಕೊಟ್ಟು ಖಾತೆಯನ್ನು ಸ್ಥಗಿತಗೊಳಿಸಬೇಕು.

ಸಂಸ್ಥೆಯ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿ ಅಥವಾ ನೋಡಲ್ ಅಧಿಕಾರಿಯ ಇಮೇಲ್ ಇರುತ್ತದೆ. ಕಾಲ್ ಸೆಂಟರ್‌ನಲ್ಲಿ ಮಾತನಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ಇಮೇಲ್ ಕಳುಹಿಸಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪತ್ರದ ತಿರುಳು ಹೀಗಿರಬಹುದು: "ಈ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ, ಯಾವುದೇ ಒಪ್ಪಂದಕ್ಕೆ ಸಹಿ ಮಾಡಿಲ್ಲ, ಹಣವೂ ನನಗೆ ತಲುಪಿಲ್ಲ. ಅರ್ಜಿಯ ಪ್ರತಿ, ಗುರುತಿನ ದಾಖಲೆಗಳು, ಅರ್ಜಿದಾರನ ಸೆಲ್ಫಿ, ಒಟಿಪಿ ಕಳುಹಿಸಿದ ಮೊಬೈಲ್ ಸಂಖ್ಯೆ ಮತ್ತು ಹಣ ಜಮೆಯಾದ ಖಾತೆಯ ವಿವರಗಳನ್ನು ನೀಡಬೇಕು. ತನಿಖೆ ಮುಗಿಯುವವರೆಗೆ ವಸೂಲಿಯನ್ನು ನಿಲ್ಲಿಸಬೇಕು. ಈ ಸಾಲದ ದಾಖಲೆಯನ್ನು ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಂದ ಅಳಿಸಬೇಕು." ಜೊತೆಗೆ ಆ ತಿಂಗಳ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದರೆ ಹಣ ಬಂದಿಲ್ಲವೆಂಬುದು ಮೇಲ್ನೋಟಕ್ಕೇ ಕಾಣುತ್ತದೆ. ಕೆಲವು ವಿವರಗಳನ್ನು ನಿಮಗೆ ಕೊಡಲು ಸಂಸ್ಥೆ ಹಿಂಜರಿಯಬಹುದು. ಹಾಗಾದಲ್ಲಿ ಅವನ್ನು ಪೊಲೀಸರಿಗಾಗಿ ಕಾಯ್ದಿಡುವಂತೆ ಬರಹದಲ್ಲಿಯೇ ಕೇಳಿ.

ಈ ಹಂತದಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. "ಐದು ಸಾವಿರ ಕಟ್ಟಿಬಿಡಿ, ಸೆಟ್ಲ್ ಮಾಡಿ ಎನ್‌ಒಸಿ ಕೊಡುತ್ತೇವೆ" ಎಂದು ವಸೂಲಿಗಾರರು ಹೇಳುವುದು ಸಾಮಾನ್ಯ. ಕಟ್ಟಿದರೆ ಸಾಲವನ್ನು ನೀವೇ ಒಪ್ಪಿಕೊಂಡಂತೆ ಅವರು ವಾದಿಸಬಹುದು, ಮೇಲಾಗಿ ವರದಿಯಲ್ಲಿ, ಸಾಲವನ್ನು ಪೂರ್ತಿ ತೀರಿಸದೆ ರಾಜಿಯಾದರೆಂಬ ಅರ್ಥದ "ಸೆಟಲ್ಡ್" ಎಂಬ ಗುರುತು ವರ್ಷಗಟ್ಟಲೆ ಉಳಿದು ಮುಂದಿನ ಸಾಲಗಳಿಗೆ ಅಡ್ಡಿಯಾಗುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮವನ್ನು ಅವರಿಗೆ ನೆನಪಿಸಬಹುದು.

ಪೊಲೀಸ್ ದೂರು

cybercrime.gov.in ತಾಣದಲ್ಲಿ ದೂರು ದಾಖಲಿಸಿ, ಅದರ ಸ್ವೀಕೃತಿ ಸಂಖ್ಯೆಯೊಂದಿಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಹಣ ಈಗಷ್ಟೇ ವರ್ಗಾವಣೆಯಾಗಿದ್ದರೆ ಮೊದಲು 1930ಕ್ಕೆ ಕರೆ ಮಾಡಬೇಕು. ತಿಂಗಳುಗಳ ಹಿಂದಿನ ಸಾಲವಾದರೆ ಆ ಕರೆಯಿಂದ ಹಣ ತಡೆಯುವ ಸಾಧ್ಯತೆ ಕಡಿಮೆ. ಬೇರೊಬ್ಬರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗಿನ ಸಜೆಗೆ ಕಾರಣವಾಗುವ ಅಪರಾಧ. ಕಂಪ್ಯೂಟರ್ ಸಾಧನ ಬಳಸಿ ಮತ್ತೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ 66ಡಿ ಅನ್ವಯಿಸುತ್ತದೆ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ದೂರನ್ನು ಲಿಖಿತವಾಗಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸುವ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗುವ ಅವಕಾಶವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮು ನೀಡುತ್ತದೆ.

ವಂಚಕ ಸಿಗುತ್ತಾನೋ ಇಲ್ಲವೋ ಹೇಳಲಾಗದು. ಆದರೆ ನಿಮ್ಮ ವರದಿ ಸರಿಯಾಗಲು ಅವನು ಸಿಕ್ಕಲೇಬೇಕೆಂದಿಲ್ಲ. ಸಂಸ್ಥೆಯ ವಂಚನಾ ತಪಾಸಣೆ ವಿಭಾಗ ನಿಮ್ಮ ಮಾತನ್ನು ಗಂಭೀರವಾಗಿ ಪರಿಗಣಿಸಲು ಎಫ್‌ಐಆರ್ ಪ್ರತಿ ಬಹಳ ನೆರವಾಗುತ್ತದೆ.

ಸಿಬಿಲ್‌ನಲ್ಲಿ ತಕರಾರು ಮತ್ತು ದಿನಗಳ ಲೆಕ್ಕ

ಈಗ ನಾಲ್ಕೂ ಕಂಪನಿಗಳ ತಾಣಗಳಲ್ಲಿ ತಕರಾರು ಸಲ್ಲಿಸಿ. ಇದಕ್ಕೆ ಶುಲ್ಕವಿಲ್ಲ. ಮೊತ್ತ ತಪ್ಪಾಗಿದೆ ಎಂದಲ್ಲ, ಖಾತೆಯೇ ನನ್ನದಲ್ಲ ಎಂಬ ಆಯ್ಕೆಯನ್ನು ಆರಿಸಿ. ಅಪರಿಚಿತ ಮೊಬೈಲ್ ಸಂಖ್ಯೆ ಮತ್ತು ವಿಳಾಸದ ಮೇಲೂ ತಕರಾರು ಹಾಕಿ. ಬಾಕಿಯ ಎಚ್ಚರಿಕೆ ಸಂದೇಶಗಳು ವಂಚಕ ಕೊಟ್ಟ ಸಂಖ್ಯೆಗೆ ಹೋಗುತ್ತಿದ್ದುದರಿಂದಲೇ ಶಿಕ್ಷಕಿಗೆ ಇಷ್ಟು ತಿಂಗಳು ವಿಷಯ ತಿಳಿಯಲಿಲ್ಲ.

ದೂರು ಕೊಟ್ಟ 30 ದಿನಗಳೊಳಗೆ ಪರಿಹಾರವಾಗದಿದ್ದರೆ ಅಲ್ಲಿಂದ ದಿನಕ್ಕೆ 100 ರೂಪಾಯಿಯಂತೆ ಪರಿಹಾರಧನ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಶಿಕ್ಷಕಿ ಜೂನ್ 1ರಂದು ತಕರಾರು ಸಲ್ಲಿಸಿದ್ದರೆ ಗಡುವು ಜುಲೈ 1ಕ್ಕೆ ಮುಗಿಯುತ್ತದೆ. ಜುಲೈ 21ಕ್ಕೆ ಸರಿಯಾದರೆ 20 ದಿನಗಳ ವಿಳಂಬಕ್ಕೆ 2,000 ರೂಪಾಯಿ ಬರಬೇಕು. ಸಾಲ ಸಂಸ್ಥೆ 21 ದಿನಗಳೊಳಗೆ ಮಾಹಿತಿ ಕಳುಹಿಸದೆ ತಡವಾಗಿದ್ದರೆ ಅದನ್ನು ಸಂಸ್ಥೆ ಕೊಡುತ್ತದೆ, ಸಂಸ್ಥೆ ಸಕಾಲಕ್ಕೆ ಕಳುಹಿಸಿಯೂ ತಡವಾಗಿದ್ದರೆ ಸಾಲ ಮಾಹಿತಿ ಕಂಪನಿ ಕೊಡುತ್ತದೆ. ಮೊತ್ತ ಸಣ್ಣದೇ, ಆದರೆ ಕಡತವನ್ನು ಕದಲಿಸಲು ಪತ್ರದಲ್ಲಿ ಈ ನಿಯಮದ ಒಂದು ಸಾಲು ಸಾಕಾಗುತ್ತದೆ.

ಉತ್ತರ ಬಂದಾಗ ಪದಗಳನ್ನು ಗಮನಿಸಿ. ಖಾತೆಯನ್ನು "ಮುಕ್ತಾಯಗೊಳಿಸಲಾಗಿದೆ" ಎಂದರೆ ಸಾಲ ನಿಮ್ಮದೇ ಆಗಿದ್ದು ಮುಗಿಯಿತು ಎಂದರ್ಥ, ಬಾಕಿಯ ಇತಿಹಾಸ ಹಾಗೆಯೇ ಉಳಿಯುತ್ತದೆ. "ವಂಚನೆಯ ಸಾಲವೆಂದು ಕಂಡುಬಂದಿದೆ, ದಾಖಲೆಯನ್ನು ಅಳಿಸಲಾಗಿದೆ" ಎಂಬ ಒಕ್ಕಣೆಯ ಪತ್ರ ನಿಮ್ಮ ಕೈಗೆ ಬರಬೇಕು.

ಕಾರ್ಡ್ ಆಗಿದ್ದರೆ

ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ಮೊದಲ ಕೆಲಸ ಅದನ್ನು ಬ್ಲಾಕ್ ಮಾಡಿಸುವುದು, ಏಕೆಂದರೆ ವಂಚಕ ಬಳಸಿದಂತೆಲ್ಲ ಅದರ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಕಾರ್ಡ್ ಯಾವ ವಿಳಾಸಕ್ಕೆ ತಲುಪಿತು, ಯಾರು ಪಡೆದುಕೊಂಡರು ಎಂಬ ಕೊರಿಯರ್ ದಾಖಲೆಯನ್ನು ಕೇಳಿ. ಹಣ ಜಮೆಯಾದ ಖಾತೆಯ ಸ್ಥಾನವನ್ನು ಇಲ್ಲಿ ಅದು ತುಂಬುತ್ತದೆ. ಕೇಳದೆ ಕಾರ್ಡ್ ಕೊಟ್ಟು, ಒಪ್ಪಿಗೆಯಿಲ್ಲದೆ ಅದನ್ನು ಚಾಲ್ತಿಗೊಳಿಸಿ ಶುಲ್ಕ ವಿಧಿಸಿದರೆ ಶುಲ್ಕವನ್ನು ರದ್ದುಪಡಿಸುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನ ಹೇಳಿದೆ.

ಒಂಬುಡ್ಸ್‌ಮನ್ ಬಳಿಗೆ

ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ತಡಮಾಡದೆ cms.rbi.org.in ತಾಣದಲ್ಲಿ, ಹಣಕಾಸು ಸಂಸ್ಥೆಗಳ ಮೇಲಿನ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿ. ಸಂಸ್ಥೆಗೆ ಬರೆದ ಪತ್ರದ ಪ್ರತಿಯಿಲ್ಲದೆ ನೇರವಾಗಿ ಇಲ್ಲಿಗೆ ಬಂದ ದೂರುಗಳು ತಿರಸ್ಕೃತವಾಗುತ್ತವೆ. ಸಾಲ ಮಾಹಿತಿ ಕಂಪನಿಗಳ ವಿರುದ್ಧದ ದೂರುಗಳನ್ನೂ 2022ರ ಸೆಪ್ಟೆಂಬರ್‌ನಿಂದ ಈ ವ್ಯವಸ್ಥೆಯಡಿ ಸ್ವೀಕರಿಸಲಾಗುತ್ತಿದೆ.

ಬಾಗಿಲು ಮುಚ್ಚುವುದು

myaadhaar.uidai.gov.in ತಾಣದಲ್ಲಿ ಹಿಂದಿನ ಆರು ತಿಂಗಳ ಆಧಾರ್ ದೃಢೀಕರಣಗಳ ಪಟ್ಟಿ ಸಿಗುತ್ತದೆ. ಸಾಲ ತೆರೆದ ದಿನಾಂಕದ ಆಸುಪಾಸಿನ ನಮೂದುಗಳ ಪ್ರತಿ ತೆಗೆದು ಪೊಲೀಸರಿಗೆ ಕೊಡಿ, ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಲಾಕ್ ಮಾಡಿ. ಆದರೆ ಈ ಲಾಕ್ ಒಟಿಪಿ ಮೂಲಕ ನಡೆಯುವ ದೃಢೀಕರಣವನ್ನು ತಡೆಯುವುದಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು sancharsaathi.gov.in ತಾಣದಲ್ಲಿ ನೋಡಿ, ನಿಮ್ಮದಲ್ಲದವನ್ನು ಅಲ್ಲಿಯೇ ವರದಿ ಮಾಡಬಹುದು.

ಅಳಿಸಿದ ಸಾಲ ಮರಳಿ ಬರುವುದೂ ಉಂಟು. ಸಂಸ್ಥೆ ಹಳೆಯ ಪಟ್ಟಿಯನ್ನೇ ಮತ್ತೆ ಕಳುಹಿಸಿದರೆ, ಅಥವಾ ಬಾಕಿ ಸಾಲಗಳ ಗಂಟನ್ನು, ಅಂಥ ಸಾಲಗಳನ್ನು ಕೊಂಡು ವಸೂಲಿ ಮಾಡುವ ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿದ್ದರೆ, ಅದೇ ಸಾಲ ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಎರಡು ಮೂರು ತಿಂಗಳ ನಂತರ ನಾಲ್ಕೂ ವರದಿಗಳನ್ನು ಮತ್ತೊಮ್ಮೆ ನೋಡಿ. ಮತ್ತೆ ಕಂಡರೆ, ವಂಚನೆಯ ಸಾಲವೆಂದು ಒಪ್ಪಿಕೊಂಡ ಪತ್ರದ ಪ್ರತಿಯನ್ನು ಲಗತ್ತಿಸಿ ಹೊಸ ಹೆಸರಿನ ಸಂಸ್ಥೆಗೆ ಮತ್ತು ಸಾಲ ಮಾಹಿತಿ ಕಂಪನಿಗೆ ಅದೇ ದಿನ ತಕರಾರು ಕಳುಹಿಸಿ.