ಜಿಲ್ಲೆ ಒಡೆದ ಮೇಲೆ ಡ್ಯಾಶ್‌ಬೋರ್ಡ್ ನಕ್ಷೆಗೆ ಡೇಟಾ ಕೂರಿಸುವುದು ಹೇಗೆ?

ಹೊಸ ಗಡಿಯ ನಕ್ಷೆ ಹಾಕಿದಿರಿ, ಡೇಟಾ ಫೈಲೂ ಜೋಡಿಸಿದಿರಿ, ಆದರೂ ಒಂದು ಜಿಲ್ಲೆ ಮಾತ್ರ ಬೂದು ಬಣ್ಣದಲ್ಲಿ ಖಾಲಿ ಕೂತಿದೆ. ಕರ್ನಾಟಕದ ನಕ್ಷೆಯಾದರೆ ಅದು ಬಹುತೇಕ ವಿಜಯನಗರವೇ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಅದರದ್ದು ದೊಡ್ಡ ಚಿಂತೆಯಲ್ಲ. ಚಿಂತೆ ಮಾಡಬೇಕಾದ್ದು ಪಕ್ಕದ ಬಳ್ಳಾರಿಯ ಬಗ್ಗೆ. ಅಲ್ಲಿ ನಕ್ಷೆಯ ಜಿಲ್ಲಾ ಕೋಡ್ ಡೇಟಾದ ಕೋಡಿಗೆ ಹೊಂದಿದೆ, ಬಣ್ಣವೂ ಬಂದಿದೆ, ಆದರೆ ಚಿಕ್ಕದಾದ ಬಳ್ಳಾರಿಯ ಮೇಲೆ ಹಳೆಯ ದೊಡ್ಡ ಬಳ್ಳಾರಿಯ ಅಂಕಿ ಕೂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ನೋಡಬೇಕಾದ್ದು ಯಾವ ಫೈಲು ಯಾವ ಕಾಲದ ಗಡಿಯದ್ದು ಅಂತ. 2011ರ ಜನಗಣತಿಯಲ್ಲಿ ಬಳ್ಳಾರಿಯ ಕೋಡ್ 565, ದಾವಣಗೆರೆಯದ್ದು 567. ಆಗ ಹರಪನಹಳ್ಳಿ ತಾಲ್ಲೂಕು ದಾವಣಗೆರೆಯಲ್ಲಿತ್ತು. 2018ರಲ್ಲಿ ಅದು ಬಳ್ಳಾರಿಗೆ ವಾಪಸ್ ಬಂತು, 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಅಂದರೆ 'ಬಳ್ಳಾರಿ' ಅನ್ನೋ ಒಂದೇ ಹೆಸರಿನ ಹಿಂದೆ ಹತ್ತು ವರ್ಷದಲ್ಲಿ ಮೂರು ಬೇರೆ ಬೇರೆ ಗಡಿಗಳಿವೆ. ನಿಮ್ಮ ಡೇಟಾ ಅದರಲ್ಲಿ ಯಾವುದಕ್ಕೆ ಸೇರಿದ್ದು ಅಂತ ಪ್ರತಿ ಫೈಲಿಗೂ ಬರೆದಿಟ್ಟುಕೊಳ್ಳಿ.

ಹೆಸರಿನ ಮೇಲೆ ಹೊಂದಿಸುವ ಆಸೆ ಬೇಡ. ಸಾಫ್ಟ್‌ವೇರಿಗೆ 'ಹತ್ತಿರದ ಹೆಸರು ಹುಡುಕು' ಅಂದರೆ ವಿಜಯನಗರವನ್ನು ವಿಜಯಪುರಕ್ಕೆ ಅಂಟಿಸಿಬಿಡಬಹುದು. ಬರೀ ಹೆಸರು ಬದಲಾಗಿ ಗಡಿ ಹಾಗೇ ಉಳಿದ ಜಿಲ್ಲೆಗಳೂ ಇವೆ, 2014ರಲ್ಲಿ ಬಿಜಾಪುರ ವಿಜಯಪುರ ಆಯಿತಲ್ಲ, ಹಾಗೆ. ಅಂಥವಕ್ಕೆ ಒಂದು ಸಾಲಿನ ತಿದ್ದುಪಡಿ ಸಾಕು, ಅಂಕಿ ಮುಟ್ಟಬೇಕಿಲ್ಲ.

ಗಡಿ ಬದಲಾದ ಕಡೆ ಒಂದು ಜೋಡಣೆ ಪಟ್ಟಿ ಬೇಕು: ಹಳೆಯ ಕೋಡ್ ಒಂದು ಕಾಲಂನಲ್ಲಿ, ಹೊಸದು ಇನ್ನೊಂದರಲ್ಲಿ. ತಾಲ್ಲೂಕು ಮಟ್ಟದಲ್ಲಿ ಮಾಡಿದರೆ ಸುಲಭ ಅಲ್ವಾ ಅನಿಸುತ್ತದೆ. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಆರೂ ವಿಜಯನಗರಕ್ಕೆ, ಉಳಿದದ್ದು ಬಳ್ಳಾರಿಗೆ, ಮುಗೀತು. ಆದರೆ ಇಲ್ಲೇ ಎಡವುವುದು. 2011ರಲ್ಲಿ ಕಂಪ್ಲಿ ಬೇರೆ ತಾಲ್ಲೂಕಾಗಿರಲಿಲ್ಲ, ಹೊಸಪೇಟೆ ತಾಲ್ಲೂಕಿನೊಳಗಿತ್ತು, ಮತ್ತು ಈಗ ಕಂಪ್ಲಿ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. ಹಳೆಯ ಹೊಸಪೇಟೆಯ ಅಂಕಿಯನ್ನು ಇಡಿಯಾಗಿ ವಿಜಯನಗರಕ್ಕೆ ಹಾಕಿದರೆ ಕಂಪ್ಲಿಯ ಜನರೂ ಅಲ್ಲಿಗೇ ಹೋಗುತ್ತಾರೆ.

ಹಾಗಾಗಿ ಹಳ್ಳಿ ಮಟ್ಟಕ್ಕೆ ಇಳಿಯಲೇಬೇಕು. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ (`lgdirectory.gov.in`) ಪ್ರತಿ ಹಳ್ಳಿಯ ಈಗಿನ ಜಿಲ್ಲೆಯ ಜೊತೆಗೆ 2011ರ ಜನಗಣತಿ ಕೋಡ್ ಕೂಡ ಸಿಗುತ್ತದೆ. ಪಟ್ಟಣಗಳ ಪಟ್ಟಿ ಬೇರೆ ಇರುತ್ತದೆ, ಅದನ್ನೂ ಇಳಿಸಿಕೊಂಡು ಕೆಳಗೆ ಸೇರಿಸಿ. ಆಮೇಲೆ ಹೀಗೆ ಮಾಡಿ, ಇಲ್ಲಿ `census` ಅಂದರೆ 2011ರ ಊರುವಾರು ಜನಸಂಖ್ಯೆ, `xwalk` ಅಂದರೆ ಈ ಜೋಡಣೆ ಪಟ್ಟಿ:

```python
v = census.merge(xwalk, on="place_code",
                 how="outer", indicator=True)
print(v["_merge"].value_counts())
new = v.groupby("new_dist")["population"].sum()
```

`left_only` ಅಂತ ಬಂದ ಸಾಲುಗಳು ಹೊಸ ಮನೆ ಸಿಗದ ಊರುಗಳು. ಅವನ್ನು ಒಂದೊಂದಾಗಿ ನೋಡಿ, ಸುಮ್ನೆ ಅಳಿಸಬೇಡಿ. ಒಂದು ಸಾಲೂ `both` ಅಂತ ಬರದಿದ್ದರೆ ಅದು ಗಡಿಯ ತಪ್ಪಲ್ಲ, ಬಹುಶಃ ಒಂದು ಕಡೆ ಊರಿನ ಕೋಡಿನ ಕೊನೆಗೆ `.0` ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಎರಡನ್ನೂ ಒಂದೇ ರೀತಿಯ ಅಕ್ಷರಸಾಲು ಮಾಡಿಕೊಳ್ಳಿ.

ಈಗ ಲೆಕ್ಕ ತಾಳೆ ನೋಡುವುದು. 2011ರಲ್ಲಿ ಬಳ್ಳಾರಿಯ ಜನಸಂಖ್ಯೆ 24,52,595, ದಾವಣಗೆರೆಯದ್ದು 19,45,497, ಒಟ್ಟು 43,98,092. ಹೊಸ ಗಡಿಯ ಬಳ್ಳಾರಿ, ವಿಜಯನಗರ, ದಾವಣಗೆರೆ ಮೂರನ್ನೂ ಕೂಡಿದರೆ ಇಷ್ಟೇ ಬರಬೇಕು. ಲಕ್ಷಗಟ್ಟಲೆ ಕಡಿಮೆ ಬಂದರೆ ಪಟ್ಟಣಗಳು ಬಿಟ್ಟುಹೋಗಿವೆ ಅಂತಲೇ ಮೊದಲು ಅನುಮಾನ ಪಡಿ. ಜಾಸ್ತಿ ಬಂದರೆ ಯಾವುದೋ ಊರು ಪಟ್ಟಿಯಲ್ಲಿ ಎರಡು ಸಲ ಇದೆ. ಆದರೆ ಒಂದು ಮಾತು: ಕಂಪ್ಲಿ ತಪ್ಪು ಜಿಲ್ಲೆಗೆ ಹೋಗಿದ್ದರೂ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ, ಅದಕ್ಕೇ ಕಂಪ್ಲಿಯಂಥ ಗಡಿಯ ಊರುಗಳನ್ನು ಹೆಸರು ಹಿಡಿದು ಹುಡುಕಿ ನೋಡಬೇಕು.

ಶೇಕಡಾವಾರು ಅಂಕಿಗಳನ್ನು ಹೀಗೆ ಕೂಡುವುದಾಗಲಿ ಸರಾಸರಿ ತೆಗೆಯುವುದಾಗಲಿ ಮಾಡುವಂತಿಲ್ಲ. ಸಾಕ್ಷರತೆ ಬೇಕಾದರೆ ಸಾಕ್ಷರರ ಸಂಖ್ಯೆಯನ್ನು ಬೇರೆ, ಏಳು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರ ಸಂಖ್ಯೆಯನ್ನು ಬೇರೆ ಕೂಡಿಸಿ, ಕೊನೆಯಲ್ಲಿ ಭಾಗಿಸಿ.

ಜಿಲ್ಲಾ ಮಟ್ಟದ ಶೇಕಡಾವಾರು ಮಾತ್ರ ಸಿಗುವ ಸಮೀಕ್ಷೆಗಳದ್ದು ಏನು ಮಾಡುವುದು? ಹಳೆಯ ಬಳ್ಳಾರಿಯ ಅಂಕಿಯನ್ನೇ ವಿಜಯನಗರಕ್ಕೂ ನಕಲು ಹೊಡೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ವರ್ಷಗಳಿಗೆ ಹಳೆಯ ಗಡಿಯ ನಕ್ಷೆಯನ್ನೇ ತೋರಿಸಿ. ವರ್ಷದಿಂದ ವರ್ಷಕ್ಕೆ ಹೋಲಿಸುವ ಗ್ರಾಫ್ ಬೇಕಿದ್ದರೆ, ಎಣಿಕೆಯ ಅಂಕಿ ಇರುವ ಕಡೆ, ಈ ಮೂರೂ ಜಿಲ್ಲೆಗಳನ್ನು ಒಂದೇ ಗುಂಪು ಮಾಡಿ. ಬಳ್ಳಾರಿ, ವಿಜಯನಗರ ಎರಡನ್ನೇ ಕೂಡಿದರೆ ಸಾಲದು, 2011ರ ಹರಪನಹಳ್ಳಿ ದಾವಣಗೆರೆಯ ಲೆಕ್ಕದಲ್ಲೇ ಇದೆ.