600 ಕಾಮೆಂಟ್, ನಾಲ್ಕೇ ವಿಷಯ

ಹಾಸ್ಟೆಲ್ ಮೆಸ್ ಸರ್ವೆಯಲ್ಲಿ ‘ಇನ್ನೇನಾದರೂ ಹೇಳುವುದಿದೆಯಾ?’ ಎಂಬ ಪ್ರಶ್ನೆಗೆ ಸುಮಾರು 600 ಉತ್ತರ ಬಂದಿದ್ದವು. ‘ಏನಿಲ್ಲ’, ‘ಓಕೆ’ ಅಂತ ಸುಮ್ನೆ ಬರೆದವನ್ನು ಮೊದಲು ಪಕ್ಕಕ್ಕಿಟ್ಟೆ. ಉಳಿದವನ್ನು ಶೀಟ್‌ನಲ್ಲಿ ಪಕ್ಕದ ಕಾಲಂಗೆ `=RAND()` ಹಾಕಿ, ಆ ಕಾಲಂ ಪ್ರಕಾರ ಸಾರ್ಟ್ ಮಾಡಿ ಬೆರೆಸಿ, ಮೇಲಿನ 100 ಮಾತ್ರ ಓದಿ ಪಟ್ಟಿ ಮಾಡಿದೆ: ರುಚಿ, ಸ್ವಚ್ಛತೆ, ಕ್ಯೂ, ಊಟದ ಸಮಯ, ಇತರೆ.

ಆಮೇಲೆ ಎಲ್ಲವನ್ನೂ ಓದುತ್ತಾ ಪ್ರತಿ ವಿಷಯದ ಕಾಲಂನಲ್ಲಿ 1 ಹಾಕಿದೆ. ‘ಸಾಂಬಾರ್ ನೀರು, ತಟ್ಟೆ ಜಿಡ್ಡು’ ಅಂದರೆ ಎರಡು ಕಡೆ 1. ಹೀಗಾಗಿ ಶೇಕಡಾಗಳನ್ನು ಕೂಡಿದರೆ 100 ದಾಟುತ್ತದೆ, ಅದು ಸರಿಯೇ.

ಗೆಳತಿಗೆ 50 ಕಾಮೆಂಟ್ ಕೊಟ್ಟು, ನನ್ನದು ನೋಡದೆ ಗುರುತು ಹಾಕಲು ಹೇಳಿದೆ. ಕ್ಯೂ, ಸಮಯ ಇವೆರಡರಲ್ಲೇ ಜಾಸ್ತಿ ತಾಳೆಯಾಗಲಿಲ್ಲ. ಎರಡನ್ನೂ ‘ಕಾಯುವುದು’ ಅಂತ ಒಂದು ಮಾಡಿದೆ.

ವರದಿಯಲ್ಲಿ ‘ಕಾಮೆಂಟ್ ಬರೆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ರುಚಿಯ ಬಗ್ಗೆ ಹೇಳಿದ್ದಾರೆ’ ಎಂದಷ್ಟೇ ಬರೆದೆ. ಬರೆಯದವರ ಲೆಕ್ಕ ಇದರಲ್ಲಿಲ್ಲ ಅಲ್ವಾ!