ಹೊಸ ಕನ್ನಡಕದಲ್ಲಿ ಅಡಿಕೆ ಮರ ವಾಲಿದಂತೆ ಕಂಡರೆ

ಹೊಸ ಕನ್ನಡಕ ಹಾಕಿ ಅಂಗಡಿಯಿಂದ ಹೊರಗೆ ಕಾಲಿಟ್ಟರೆ ಮೆಟ್ಟಿಲು ಎಷ್ಟು ಕೆಳಗಿದೆಯೆಂದು ಅಂದಾಜಾಗುವುದಿಲ್ಲ. ಮನೆಗೆ ಬಂದರೆ ಅಡಿಕೆ ಒಣಗಿಸುವ ಅಂಗಳ ಎದುರಿಗೆ ಏರಿದಂತಿದೆ, ತೋಟದ ಮರಗಳ ತಲೆ ನಮ್ಮ ಕಡೆ ಬಾಗಿದಂತಿದೆ. ಎರಡು ದಿನ ಸಹಿಸಿ, ಮೂರನೆಯ ದಿನ ಅದನ್ನು ಪೆಟ್ಟಿಗೆಯೊಳಗೆ ಹಾಕಿ ಹಳೆಯದನ್ನೇ ಮೂಗಿಗೇರಿಸಿಕೊಳ್ಳುವವರು ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲ ಊರಲ್ಲೂ ಇದ್ದಾರೆ. ಇಂಥವರ ಚೀಟಿ ನೋಡಿದರೆ ಸಾಮಾನ್ಯವಾಗಿ ಸಿಲಿಂಡರ್ ಎಂಬ ಕಾಲಮ್ಮಿನಲ್ಲಿ ಮೊದಲ ಸಲ ಒಂದು ಅಂಕಿ ಬಿದ್ದಿರುತ್ತದೆ, ಇಲ್ಲವೇ ಇದ್ದ ಅಂಕಿ ಜಾಸ್ತಿಯಾಗಿರುತ್ತದೆ. ಕನ್ನಡಕ ತಪ್ಪಾಗಿದೆಯೇ, ಕಣ್ಣಿಗೆ ಹೊಂದಿಕೊಳ್ಳಲು ಸಮಯ ಬೇಕೇ ಎಂಬುದನ್ನು ಮನೆಯಲ್ಲೇ ಬಹುಮಟ್ಟಿಗೆ ತಿಳಿಯಬಹುದು. ಅದಕ್ಕೆ ಮೊದಲು ಕಣ್ಣಿನೊಳಗೆ ಏನಾಗುತ್ತಿದೆ ಎಂದು ಸ್ವಲ್ಪ ಗೊತ್ತಿರಬೇಕು.

ಎಲ್ಲ ದೂರದಲ್ಲೂ ಮಸುಕು ಏಕೆ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದು ಚೆಂಡಿನ ತುಂಡಿನಂತೆ ಎಲ್ಲ ದಿಕ್ಕಿಗೂ ಒಂದೇ ರೀತಿ ಬಾಗಿದ್ದರೆ ಬೆಳಕು ಒಂದೇ ಬಿಂದುವಿನಲ್ಲಿ ಸೇರುತ್ತದೆ. ಸುಲಿದ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿ ಕೈಯಾಡಿಸಿ ನೋಡಿ: ಉದ್ದಕ್ಕೆ ಬಾಗು ಕಡಿಮೆ, ಅಡ್ಡಕ್ಕೆ ಹೆಚ್ಚು. ಅಸ್ಟಿಗ್ಮ್ಯಾಟಿಸಂ ಇರುವ ಕಾರ್ನಿಯಾ ಈ ಜಾತಿಯದು, ಚೀಟಿಯ ಸಿಲಿಂಡರ್ ಅದನ್ನು ಸರಿಪಡಿಸುವ ಪವರ್. ವ್ಯತ್ಯಾಸ ಮಾತ್ರ ತೀರಾ ಸಣ್ಣದು. ಕಾರ್ನಿಯಾದ ಬಾಗಿನ ತ್ರಿಜ್ಯ ಸುಮಾರು 7.8 ಮಿಲಿಮೀಟರ್, ಒಂದು ದಿಕ್ಕಿನಲ್ಲಿ ಅದು 7.6 ಆದರೆ ಸಾಕು, ಪವರಿನ ಅಳತೆಯಲ್ಲಿ ಒಂದು ಡಯಾಪ್ಟರ್‌ಗಿಂತ ತುಸು ಹೆಚ್ಚೇ ಸಿಲಿಂಡರ್ ಬರುತ್ತದೆ.

ಬಾಗು ಎರಡು ಬಗೆಯಾದ್ದರಿಂದ ಬೆಳಕು ಸೇರುವ ಜಾಗವೂ ಎರಡು. ಒಂದು ಬಿಂದುವಿನ ಬದಲು, ಒಂದರ ಹಿಂದೆ ಒಂದು ಎರಡು ಗೆರೆಗಳು ಮೂಡುತ್ತವೆ, ಒಂದಕ್ಕೊಂದು ಅಡ್ಡಡ್ಡ. ಇವೆರಡರ ನಡುವೆ ಎಲ್ಲಿ ನೋಡಿದರೂ ಪೂರ್ತಿ ಸ್ಪಷ್ಟ ಚಿತ್ರ ಇಲ್ಲ. ಮಧ್ಯದಲ್ಲಿ ಒಂದು ಕಡೆ ಮಸುಕು ಎಲ್ಲ ದಿಕ್ಕಿಗೂ ಸಮನಾಗಿ, ಸಣ್ಣ ದುಂಡು ಚುಕ್ಕೆಯಂತಿರುತ್ತದೆ. ಮೆದುಳು ಸಾಮಾನ್ಯವಾಗಿ ಅದನ್ನೇ ಒಪ್ಪಿಕೊಂಡು ದಿನ ದೂಡುತ್ತದೆ.

ಬರೀ ಮೈನಸ್ ಪವರ್ ಇರುವವರಿಗೆ ದೂರ ಮಂಜಾದರೂ ಪುಸ್ತಕ ಹತ್ತಿರ ಹಿಡಿದರೆ ಅಕ್ಷರ ಸ್ವಚ್ಛ. ಅಸ್ಟಿಗ್ಮ್ಯಾಟಿಸಂನಲ್ಲಿ ಈ ಉಪಾಯ ನಡೆಯುವುದಿಲ್ಲ. ವಸ್ತು ಹತ್ತಿರ ಬಂದರೂ, ಕಣ್ಣಿನೊಳಗಿನ ಮಸೂರ ತನ್ನ ಬಾಗು ಬದಲಿಸಿದರೂ, ಎರಡು ಗೆರೆಗಳೂ ಒಟ್ಟಿಗೇ ಹಿಂದೆ ಮುಂದೆ ಸರಿಯುತ್ತವೆ. ಒಂದನ್ನು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಕೂರಿಸಿದರೆ ಇನ್ನೊಂದು ಆಚೆಯೇ ಉಳಿಯುತ್ತದೆ. ಬಸ್ಸಿನ ಬೋರ್ಡಿನಲ್ಲೂ ಪತ್ರಿಕೆಯಲ್ಲೂ ಅಕ್ಷರಕ್ಕೆ ನೆರಳು ಅಂಟಿದಂತೆ ಕಾಣುವುದು, ದ ಮತ್ತು ಧ ಒಂದೇ ಆಗುವುದು, ರಾತ್ರಿ ಎದುರಿನ ವಾಹನದ ಲೈಟು ಒಂದು ದಿಕ್ಕಿಗೆ ಎಳೆದಂತೆ ಹರಡುವುದು ಇದರಿಂದಲೇ. ಕಣ್ಣು ಎರಡು ಗೆರೆಗಳ ನಡುವೆ ಹುಡುಕಾಡುತ್ತಲೇ ಇರುವುದರಿಂದ ಸಂಜೆಗೆ ಹಣೆನೋವೂ ಬರಬಹುದು.

ಜಾತ್ರೆಯ ಸಂತೆಯಲ್ಲಿ ಸಿಗುವ ರೆಡಿಮೇಡ್ ಕನ್ನಡಕದಲ್ಲಿ ಸಿಲಿಂಡರ್ ಇರುವುದೇ ಇಲ್ಲ. ಎಷ್ಟು ಜೋಡಿ ಬದಲಿಸಿ ನೋಡಿದರೂ ಪ್ರಯೋಜನವಿಲ್ಲ, ಕೊಳ್ಳಬೇಡಿ.

ಚೀಟಿ ಓದುವುದು

ಉದಾಹರಣೆಗೆ ಒಬ್ಬರ ಚೀಟಿ ಹೀಗಿದೆ ಎಂದುಕೊಳ್ಳಿ. ಬಲಗಣ್ಣು: ಸ್ಫಿಯರ್ -0.50, ಸಿಲಿಂಡರ್ -2.00, ಆಕ್ಸಿಸ್ 45. ಎಡಗಣ್ಣು: ಸ್ಫಿಯರ್ -0.50, ಸಿಲಿಂಡರ್ -2.00, ಆಕ್ಸಿಸ್ 135. ಸ್ಫಿಯರ್ ಎಲ್ಲ ದಿಕ್ಕಿಗೂ ಸಮನಾದ ಪವರ್. ಸಿಲಿಂಡರ್ ಒಂದೇ ದಿಕ್ಕಿಗೆ ಬೇಕಾದ ಹೆಚ್ಚುವರಿ ಪವರ್. ಆಕ್ಸಿಸ್ ಆ ಸಿಲಿಂಡರನ್ನು ಯಾವ ಕೋನಕ್ಕೆ ತಿರುಗಿಸಿ ಕೂರಿಸಬೇಕೆಂದು ಹೇಳುತ್ತದೆ. ಆಕ್ಸಿಸ್‌ನ ಅಂಕಿ ದೊಡ್ಡದೆಂದು ಹೆದರುವವರಿದ್ದಾರೆ. ಅದು ಬರೀ ಕೋನ, ರೋಗದ ಅಳತೆಯಲ್ಲ.

ಇವರು ಇಷ್ಟು ವರ್ಷ ಹಾಕಿದ್ದು ಬರೀ -1.50 ಸ್ಫಿಯರ್ ಕನ್ನಡಕ. ಸಿಲಿಂಡರ್‌ನ ಅರ್ಧವನ್ನು ಸ್ಫಿಯರ್‌ಗೆ ಕೂಡಿಸಿ ಸಿಲಿಂಡರನ್ನೇ ಬಿಟ್ಟುಬಿಡುವ ಅಡ್ಡದಾರಿ ಇದು: -0.50ಕ್ಕೆ -1.00 ಸೇರಿಸಿದರೆ -1.50. ರೆಟಿನಾದ ಮೇಲೆ ಬೀಳುವುದು ಆಗಲೂ ಆ ದುಂಡು ಮಸುಕೇ.

ಪರೀಕ್ಷೆಯಲ್ಲಿ ಹುಷಾರಾಗಿರಬೇಕಾದ ಜಾಗ

ಸಿಲಿಂಡರ್‌ನಲ್ಲಿ ಕೋನ ತಪ್ಪಿದರೆ ಪವರ್ ಸರಿಯಿದ್ದೂ ದಂಡ. ಹತ್ತು ಡಿಗ್ರಿ ತಿರುಗಿದರೆ ದೋಷದ ಮೂರನೆಯ ಒಂದು ಪಾಲು ಉಳಿದುಬಿಡುತ್ತದೆ. ಮೂವತ್ತು ಡಿಗ್ರಿ ತಿರುಗಿದರೆ ಮೊದಲಿದ್ದಷ್ಟೇ ದೋಷ ಬೇರೊಂದು ದಿಕ್ಕಿಗೆ ಎದ್ದು ನಿಲ್ಲುತ್ತದೆ. ಆದ್ದರಿಂದ ಮೆಷಿನ್ನಿನಿಂದ ಬಂದ ಸಣ್ಣ ಮುದ್ರಿತ ಚೀಟಿಯನ್ನೇ ನೋಡಿ ಗ್ಲಾಸ್ ಕತ್ತರಿಸುವ ಕಡೆ ಕನ್ನಡಕ ಮಾಡಿಸಬೇಡಿ. ಆ ಅಂಕಿ ಶುರುಮಾಡುವುದಕ್ಕೆ ಮಾತ್ರ. ಕೊನೆಯ ಕೋನ ನಿಮ್ಮ ಉತ್ತರದಿಂದಲೇ ಸಿಗಬೇಕು.

ಹಿಡಿಯಿರುವ ಸಣ್ಣ ಮಸೂರವನ್ನು ಕಣ್ಣ ಮುಂದೆ ತಿರುಗಿಸಿ ತಿರುಗಿಸಿ ‘ಇದಾ, ಅದಾ?’ ಎಂದು ಕೇಳುವುದು ಈ ಹಂತದಲ್ಲೇ. ಜನ ಅವಸರದಲ್ಲಿ ಉತ್ತರಿಸುವುದೂ ಇಲ್ಲೇ. ಎರಡೂ ಒಂದೇ ಥರ ಕಂಡರೆ ಹಾಗೆಯೇ ಹೇಳಿ. ಪರೀಕ್ಷಿಸುವವರು ಹುಡುಕುತ್ತಿರುವುದು ಎರಡೂ ಸಮನಾಗುವ ಆ ಜಾಗವನ್ನೇ. ಗೊತ್ತಾಗದಿದ್ದರೆ ಇನ್ನೊಮ್ಮೆ ತೋರಿಸಲು ಕೇಳಿ. ಚಾರ್ಟು ಮಲಯಾಳದ್ದಾಗಿದ್ದು ನಿಮಗೆ ಅಕ್ಷರ ಚೆನ್ನಾಗಿ ಬಾರದಿದ್ದರೆ ಊಹಿಸಿ ಓದಬೇಡಿ. ಕನ್ನಡದ್ದೋ, ಬಾಯಿ ಯಾವ ಕಡೆಗಿದೆಯೆಂದು ಬೆರಳಿನಲ್ಲಿ ತೋರಿಸುವ ‘ಇ’ ಚಾರ್ಟೋ ಕೇಳಿ.

ಪವರ್ ನಿರ್ಧಾರವಾದ ಮೇಲೆ ಪರೀಕ್ಷೆಯ ಗ್ಲಾಸು ಕೂರಿಸಿದ ಟ್ರಯಲ್ ಫ್ರೇಮ್ ಹಾಕಿಕೊಂಡೇ ಹತ್ತು ನಿಮಿಷ ವರಾಂಡದಲ್ಲಿ ನಡೆದಾಡಿ. ಕುರ್ಚಿಯಲ್ಲಿ ಕೂತು ಅಕ್ಷರ ಓದುವಾಗ ನೆಲ ವಾಲುವುದು ಗೊತ್ತಾಗುವುದಿಲ್ಲ.

ಫ್ರೇಮಿನ ವಿಷಯದಲ್ಲಿ ಒಂದೇ ಮಾತು: ಸಿಲಿಂಡರ್ 1.50ಕ್ಕಿಂತ ಹೆಚ್ಚಿದ್ದರೆ ಪೂರ್ತಿ ದುಂಡು ಫ್ರೇಮ್ ಬೇಡ. ಸ್ಕ್ರೂ ಸಡಿಲವಾದರೆ ದುಂಡು ಗ್ಲಾಸು ತನ್ನಷ್ಟಕ್ಕೆ ತಿರುಗುತ್ತದೆ, ಕೋನವೂ ಅದರೊಂದಿಗೆ ಹೋಗುತ್ತದೆ.

ಮರ ವಾಲುವುದೇಕೆ?

ಮೈನಸ್ ಗ್ಲಾಸು ಚಿತ್ರವನ್ನು ಸ್ವಲ್ಪ ಚಿಕ್ಕದಾಗಿಸುತ್ತದೆ. ಸ್ಫಿಯರ್ ಆದರೆ ಎಲ್ಲ ದಿಕ್ಕಿಗೂ ಸಮವಾಗಿ ಚಿಕ್ಕದಾಗುವುದರಿಂದ ಆಕಾರ ಕೆಡುವುದಿಲ್ಲ. ಸಿಲಿಂಡರ್ ಒಂದೇ ದಿಕ್ಕಿಗೆ ಚಿಕ್ಕದು ಮಾಡುತ್ತದೆ. ಗ್ಲಾಸು ಕಣ್ಣಿನಿಂದ 12 ಮಿಲಿಮೀಟರ್ ದೂರದಲ್ಲಿದ್ದರೆ -2.00 ಸಿಲಿಂಡರ್ ಮಾಡುವ ವ್ಯತ್ಯಾಸ ಶೇಕಡಾ 2ಕ್ಕಿಂತ ತುಸು ಹೆಚ್ಚು. ಆಕ್ಸಿಸ್ 90 ಅಥವಾ 180ರ ಹತ್ತಿರವಿದ್ದರೆ ವಸ್ತುಗಳು ಕೊಂಚ ಸಪೂರವಾಗಿಯೋ ಗಿಡ್ಡವಾಗಿಯೋ ಕಂಡು ಮುಗಿಯಿತು. 45 ಅಥವಾ 135ರ ಹತ್ತಿರವಿದ್ದರೆ ಓರೆಯಾಗಿ ಎಳೆದಂತಾಗಿ ನೆಟ್ಟಗಿನ ಗೆರೆಯೇ ವಾಲುತ್ತದೆ.

ನಮ್ಮ ಉದಾಹರಣೆಯಲ್ಲಿ ಒಂದು ಮೀಟರ್ ಎತ್ತರಕ್ಕೆ ಸುಮಾರು ಒಂದು ಸೆಂಟಿಮೀಟರ್ ವಾಲು. ಒಂದೇ ಕಣ್ಣಿನಲ್ಲಿ ನೋಡಿದರೆ ಇಷ್ಟು ವಾಲು ಗಮನಕ್ಕೂ ಬರಲಿಕ್ಕಿಲ್ಲ. ತೊಂದರೆ ಇರುವುದು ಎರಡು ಕಣ್ಣು ಸೇರಿದಾಗ. ಬಲಗಣ್ಣಿಗೆ ಮರದ ತುದಿ ಎಡಕ್ಕೆ ಸರಿದಿದೆ, ಎಡಗಣ್ಣಿಗೆ ಬಲಕ್ಕೆ. ಎರಡು ಕಣ್ಣಿನ ಚಿತ್ರಗಳ ವ್ಯತ್ಯಾಸವನ್ನು ಹೋಲಿಸಿಯೇ ಮೆದುಳು ಆಳವನ್ನು ಅಳೆಯುತ್ತದೆ. ಹೀಗೆ ಮೂಗಿನ ಕಡೆಗೆ ಸರಿದ ಚಿತ್ರವೆಂದರೆ ಅದರ ಲೆಕ್ಕದಲ್ಲಿ ವಸ್ತು ಹತ್ತಿರವಿದೆ ಎಂದರ್ಥ. ಹಾಗಾಗಿ ಮರದ ತುದಿ ನಮ್ಮ ಕಡೆ ಬಾಗುತ್ತದೆ, ಅಂಗಳ ಏರುತ್ತದೆ. ಕೋನಗಳು ಅದಲುಬದಲಾಗಿದ್ದರೆ ಮರ ಆಚೆ ವಾಲಿ ಅಂಗಳ ಇಳಿಜಾರಾಗಿ ಕಾಣುತ್ತದೆ. ಇಷ್ಟು ವರ್ಷ ಸಿಲಿಂಡರ್ ಇಲ್ಲದ ಚಿತ್ರಕ್ಕೆ ಪಳಗಿದ ಮೆದುಳು ಹೊಸ ಲೆಕ್ಕ ಕಲಿಯಬೇಕು. ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ.

ತಪ್ಪೋ, ಹೊಂದಾಣಿಕೆಯೋ?

ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಪ್ರತಿ ಕಣ್ಣಿಗೂ ಅಕ್ಷರ ಸ್ಪಷ್ಟವಾಗಿದ್ದು, ಒಂದು ಕಣ್ಣು ಮುಚ್ಚಿದ ಕೂಡಲೇ ನೆಲದ ಏರುಪೇರು ಬಹುಮಟ್ಟಿಗೆ ಮಾಯವಾದರೆ ಅದು ಹೊಂದಾಣಿಕೆಯ ವಿಷಯ, ತಾಳಿಕೊಳ್ಳಿ. ಒಂದು ಕಣ್ಣಿಗೆ ಮೊದಲ ದಿನದಿಂದಲೇ ಅಕ್ಷರಕ್ಕೆ ನೆರಳಿದ್ದರೆ ತಾಳ್ಮೆಯಿಂದ ಅದು ಹೋಗುವುದಿಲ್ಲ. ಆ ಕಣ್ಣಿನಲ್ಲಿ ನೋಡುತ್ತಾ ಕನ್ನಡಕವನ್ನು ಗಡಿಯಾರದ ಮುಳ್ಳಿನಂತೆ ಸ್ವಲ್ಪ ಆಚೀಚೆ ತಿರುಗಿಸಿ. ಓರೆ ಮಾಡಿದಾಗ ಅಕ್ಷರ ಚುರುಕಾದರೆ ಕೋನ ತಪ್ಪಿದೆ. ಅಂಗಡಿಗೆ ಹೋಗಿ ಗ್ಲಾಸಿನ ಪವರ್, ಕೋನ ಅಳೆಯುವ ಲೆನ್ಸೋಮೀಟರಿನಲ್ಲಿ ಇಟ್ಟು ಚೀಟಿಯೊಂದಿಗೆ ತಾಳೆ ನೋಡಿಸಿ. -2.00 ಸಿಲಿಂಡರ್‌ಗೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಗ್ಲಾಸು ಬದಲಿಸಿಕೊಡಲು ಕೇಳಿ.

ಗ್ಲಾಸಿನಲ್ಲಿ ಸಿಲಿಂಡರ್ ಇದೆಯೋ ಇಲ್ಲವೋ ಎಂಬುದನ್ನು ನೀವೇ ನೋಡಬಹುದು. ಕನ್ನಡಕವನ್ನು ಒಂದು ಮೊಳ ದೂರ ಹಿಡಿದು ಗ್ಲಾಸಿನ ಮೂಲಕ ಕಿಟಕಿಯ ಸರಳುಗಳು ಅಡ್ಡ ಹಾಯುವ ಜಾಗ ನೋಡಿ, ನಿಧಾನಕ್ಕೆ ತಿರುಗಿಸಿ. ಸರಳುಗಳು ಕತ್ತರಿಯಂತೆ ತೆರೆದು ಮುಚ್ಚಿದರೆ ಸಿಲಿಂಡರ್ ಇದೆ.

ಮೊದಲ ಎರಡು ವಾರ

ಬೆಳಗ್ಗೆ ಏಳುತ್ತಲೇ ಹಾಕಿ, ಮಲಗುವಾಗ ತೆಗೆಯಿರಿ. ಹಳೆಯ ಕನ್ನಡಕವನ್ನು ಕೈಗೆ ಸಿಗದ ಕಡೆ ಇಡಿ. ಒಂದು ಗಂಟೆ ಇದು, ಒಂದು ಗಂಟೆ ಅದು ಎಂದು ಮಾಡಿದರೆ ಮೆದುಳಿಗೆ ಕಲಿಯಲು ಆಗುವುದೇ ಇಲ್ಲ. ಮೊದಲ ದಿನಗಳಲ್ಲಿ ಮುರಕಲ್ಲಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಿರಿ. ನೆಲ ಸಮವಾಗಿ ಕಾಣುವವರೆಗೆ ಬೈಕ್ ಬೇಡ, ಮರ ಹತ್ತುವ ಕೆಲಸವಂತೂ ಬೇಡವೇ ಬೇಡ. ಫ್ರೇಮು ಮೂಗಿನ ಮೇಲಿಂದ ಜಾರುತ್ತಿದ್ದರೆ ನೋಸ್‌ಪ್ಯಾಡ್ ಸರಿಮಾಡಿಸಿ, ಗ್ಲಾಸು ಕಣ್ಣಿಗೆ ಹತ್ತಿರವಾದಷ್ಟೂ ವಾಲು ಕಡಿಮೆ.

ಎರಡು ವಾರ ಕಳೆದೂ ನೆಲ ನಿಲ್ಲದಿದ್ದರೆ ಪರೀಕ್ಷಿಸಿದವರ ಬಳಿಗೇ ಹೋಗಿ. ಅವರು ಸಿಲಿಂಡರನ್ನು ಪೂರ್ತಿ ಕಿತ್ತುಹಾಕಬೇಕಿಲ್ಲ, ಅರ್ಧಕ್ಕೆ ಇಳಿಸಬಹುದು. ಕಡಿಮೆ ಮಾಡಿದ್ದರ ಅರ್ಧ ಸ್ಫಿಯರ್‌ಗೆ ಸೇರಬೇಕು: ಸ್ಫಿಯರ್ -1.00, ಸಿಲಿಂಡರ್ -1.00. ಸ್ವಲ್ಪ ಸ್ಪಷ್ಟತೆ ಹೋಗುತ್ತದೆ, ವಾಲು ಅರ್ಧವಾಗುತ್ತದೆ. ಕೆಲವು ತಿಂಗಳ ನಂತರ ಪೂರ್ತಿ ಪವರ್‌ಗೆ ಹೋಗಬಹುದು.

ಚಿಕ್ಕ ಮಕ್ಕಳಿಗೆ ಹೀಗೆ ಕಡಿಮೆ ಮಾಡಿಸಲು ಹೋಗಬೇಡಿ. ಅವರು ದೊಡ್ಡವರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ. ದೊಡ್ಡ ಸಿಲಿಂಡರನ್ನು ಸರಿಪಡಿಸದೆ ಬಿಟ್ಟರೆ ಆ ಕಣ್ಣಿನ ನೋಟ ಬೆಳೆಯದೆ ಮಂದವಾಗಿಯೇ ಉಳಿಯಬಹುದು. ಹದಿಹರೆಯದವರಲ್ಲಿ ಆರಾರು ತಿಂಗಳಿಗೆ ಸಿಲಿಂಡರ್ ಏರುತ್ತಾ, ಆಕ್ಸಿಸ್ ಬದಲಾಗುತ್ತಾ ಹೋದರೆ, ಅದರಲ್ಲೂ ಕಣ್ಣು ಉಜ್ಜುವ ಅಭ್ಯಾಸವಿದ್ದರೆ, ಮತ್ತೊಂದು ಕನ್ನಡಕ ಮಾಡಿಸುವ ಮೊದಲು ಕಣ್ಣಿನ ಡಾಕ್ಟರಲ್ಲಿ ಕಾರ್ನಿಯಾದ ಬಾಗಿನ ನಕ್ಷೆ ತೆಗೆಯುವ ಟೊಪೋಗ್ರಫಿ ಮಾಡಿಸಿ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೊಕೋನಸ್ ಶುರುವಾಗುವುದು ಹೀಗೆಯೇ. ಬೇಗ ಗೊತ್ತಾದರೆ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯಿಂದ ಅದು ಮುಂದುವರಿಯುವುದನ್ನು ತಡೆಯಬಹುದು.